ಜೀರೋ ಪರ್ಸೆಂಟ್ ಕಂತಿನ ಫ್ರಿಜ್: ಬಿಟ್ಟುಕೊಟ್ಟ ಕ್ಯಾಶ್ ಡಿಸ್ಕೌಂಟೇ ಅದರ ಬಡ್ಡಿ

[ದೃಶ್ಯ: ಫ್ರಿಜ್ ಬಾಗಿಲಿಗೆ ಅಂಟಿಸಿದ ಚೀಟಿ. "₹36,000. ತಿಂಗಳಿಗೆ ₹3,000, 12 ಕಂತು, ಬಡ್ಡಿ 0%"]

ನಮಸ್ಕಾರ. ಈ ಚೀಟಿಯನ್ನು ನೀವು ಗಣೇಶ ಹಬ್ಬದಿಂದ ದೀಪಾವಳಿವರೆಗೆ ಯಾವ ಊರಿನ ಶೋರೂಂಗೆ ಹೋದರೂ ನೋಡಿರ್ತೀರಿ. ಲೆಕ್ಕ ಸರಿಯಾಗೇ ಇದೆ. ಹನ್ನೆರಡು ಮೂರಲಿ ಮೂವತ್ತಾರು. ಬೆಲೆ 36,000, ಕಟ್ಟೋದೂ 36,000. ಹಾಗಾದ್ರೆ ಬಡ್ಡಿ ಎಲ್ಲಿದೆ?

ಬಡ್ಡಿ ಚೀಟಿಯಲ್ಲಿ ಬರೆದ ಬೆಲೆಯೊಳಗೇ ಇದೆ. ಅದನ್ನು ಹೊರಗೆ ತೆಗೆಯೋಕೆ ಒಂದು ಪ್ರಶ್ನೆ ಸಾಕು. ಕಂತಿನ ಸುದ್ದಿ ಎತ್ತೋ ಮೊದಲೇ ಸೇಲ್ಸ್‌ನವರನ್ನು ಕೇಳಿ: "ಸರ್, ಇದೇ ಮಾಡೆಲ್, ಪೂರ್ತಿ ದುಡ್ಡು ಈಗಲೇ ಯುಪಿಐ ಮಾಡ್ತೀನಿ, ಜಿಎಸ್‌ಟಿ ಬಿಲ್ ಬೇಕು. ಫೈನಲ್ ಎಷ್ಟು?"

ಎಷ್ಟೋ ಅಂಗಡಿಗಳಲ್ಲಿ ಆಗ ಬೇರೆ ಬೆಲೆ ಬರುತ್ತೆ. ನಮ್ಮ ಉದಾಹರಣೆಗೆ 33,600 ಅಂತ ಇಟ್ಕೊಳ್ಳೋಣ. ಅಂದ್ರೆ 2,400 ರೂಪಾಯಿ ಕಡಿಮೆ. ಈಗ ಕಂತಿನ ಬಗ್ಗೆ ಕೇಳಿ. "ಕಂತಾದ್ರೆ ಆ ಡಿಸ್ಕೌಂಟ್ ಬರಲ್ಲ ಸರ್, ಚೀಟಿ ರೇಟೇ" ಅಂತಾರೆ. ಇಡೀ ವಿಷಯ ಆ ಒಂದು ಮಾತಿನಲ್ಲಿದೆ. ಫ್ರಿಜ್‌ನ ನಿಜವಾದ ಬೆಲೆ 33,600. ಉಳಿದ 2,400 ಸಾಲದ ಖರ್ಚು.

[ದೃಶ್ಯ: ಮೂರು ಪೆಟ್ಟಿಗೆಗಳು — ಗ್ರಾಹಕ, ಅಂಗಡಿ, ಫೈನಾನ್ಸ್ ಕಂಪನಿ. ದುಡ್ಡು ಸಾಗುವ ದಾರಿಗೆ ಬಾಣದ ಗುರುತು]

ಯಾಕೆ ಹೀಗೆ ಅಂದ್ರೆ, ಫೈನಾನ್ಸ್ ಕಂಪನಿ ತನ್ನ ದುಡ್ಡನ್ನು ಒಂದು ವರ್ಷ ಪುಕ್ಕಟೆ ಕೊಡೋದಿಲ್ಲ. ನಿಮ್ಮಿಂದ ಬರೋದು 36,000 ಆದರೂ, ಅಂಗಡಿಯವರ ಕೈಗೆ ಅದು ಪೂರ್ತಿ ತಲುಪೋದಿಲ್ಲ. ಕಂಪನಿ ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತೆ. ಈ ಹಿಡಿದುಕೊಂಡ ಪಾಲಿಗೆ ವ್ಯಾಪಾರದಲ್ಲಿ ಸಬ್ವೆನ್ಷನ್ ಅಂತಾರೆ. ಕೆಲವು ಸಲ ಅದನ್ನು ಫ್ರಿಜ್ ತಯಾರಿಸಿದ ಬ್ರ್ಯಾಂಡ್ ಭರಿಸುತ್ತೆ, ಕೆಲವು ಸಲ ಅಂಗಡಿ, ಕೆಲವು ಸಲ ಇಬ್ಬರೂ ಹಂಚಿಕೊಳ್ತಾರೆ. ಅಂಗಡಿಯೇ ಭರಿಸಬೇಕಾದಾಗ, ಕ್ಯಾಶ್ ಗಿರಾಕಿಗೆ ಬಿಡಬಹುದಾಗಿದ್ದ ದುಡ್ಡೇ ಅಲ್ಲಿಗೆ ಹೋಗುತ್ತೆ.

ರಿಸರ್ವ್ ಬ್ಯಾಂಕ್ ಇದನ್ನು 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಬರೆದ ಸುತ್ತೋಲೆಯಲ್ಲಿ ನೇರವಾಗಿ ಹೇಳಿದೆ: ಶೂನ್ಯ ಬಡ್ಡಿ ಅನ್ನೋ ಪರಿಕಲ್ಪನೆಯೇ ಇಲ್ಲ. ಸಾಮಾನಿನ ಬೆಲೆಯಲ್ಲಿ ರಿಯಾಯಿತಿ ಸಿಗೋದಾದ್ರೆ ಅದನ್ನು ಕಳೆದು ಉಳಿದ ಮೊತ್ತಕ್ಕೇ ಸಾಲ ಮಂಜೂರು ಮಾಡಬೇಕು, ಬಡ್ಡಿ ದರವನ್ನು ಇಳಿಸಿ ತೋರಿಸಬಾರದು ಅಂತಲೂ ಅದರಲ್ಲಿದೆ. ನಮ್ಮ ಫ್ರಿಜ್‌ಗೆ ಹಚ್ಚಿ ನೋಡಿದ್ರೆ, 33,600ಕ್ಕೆ ಸಾಲ ಬರೆದು ಅದರ ಮೇಲೆ ಬಡ್ಡಿ ತೋರಿಸೋದು ಪ್ರಾಮಾಣಿಕ ಲೆಕ್ಕ.

ಈಗ ಆ ಬಡ್ಡಿ ಎಷ್ಟು ಅಂತ ಹಾಕೋಣ. ಮೊದಲು ಪ್ರೊಸೆಸಿಂಗ್ ಫೀ ಸೇರಿಸಿಕೊಳ್ಳಿ. 500 ರೂಪಾಯಿ ಫೀ, ಅದರ ಮೇಲೆ 18% ಜಿಎಸ್‌ಟಿ 90, ಒಟ್ಟು 590. ಇದನ್ನು ಅಂಗಡಿಯಲ್ಲೇ ಕಟ್ಟಿಸಿಕೊಂಡರು ಅನ್ನೋಣ.

[ತೆರೆಯ ಮೇಲೆ:
ಕ್ಯಾಶ್ ಬೆಲೆ 33,600
ಇವತ್ತೇ ಕಟ್ಟಿದ ಫೀ 590
ನಿಜವಾಗಿ ಸಿಕ್ಕ ಸಾಲ 33,010
ವಾಪಸ್ ಕಟ್ಟೋದು 36,000
ಸಾಲದ ಖರ್ಚು 2,990]

ಇಲ್ಲಿ ತುಂಬಾ ಜನ ಎಡವುತ್ತಾರೆ. 33,010ಕ್ಕೆ 2,990 ಅಂದ್ರೆ ನೂರಕ್ಕೆ 9. "ವರ್ಷಕ್ಕೆ 9% ತಾನೇ, ಪರವಾಗಿಲ್ಲ" ಅನ್ಸುತ್ತೆ. ಆದ್ರೆ 33,010 ರೂಪಾಯಿ ನಿಮ್ಮ ಹತ್ತಿರ ವರ್ಷಪೂರ್ತಿ ಇರೋದೇ ಇಲ್ಲ. ಮೊದಲ ಕಂತಿನ ದುಡ್ಡು ಒಂದೇ ತಿಂಗಳು ನಿಮ್ಮದು, ಎರಡನೇದು ಎರಡು ತಿಂಗಳು, ಕೊನೇದು ಮಾತ್ರ ಹನ್ನೆರಡು ತಿಂಗಳು. ಸರಾಸರಿ ತೆಗೆದ್ರೆ ಆರೂವರೆ ತಿಂಗಳು. ಆರೂವರೆ ತಿಂಗಳಿಗೆ 9% ಆದ್ರೆ, 6.5ರಿಂದ ಭಾಗಿಸಿ 12ರಿಂದ ಗುಣಿಸಿ: ವರ್ಷಕ್ಕೆ ಹತ್ತಿರ ಹತ್ತಿರ 16.7%.

ಇದು ಬಾಯಿಲೆಕ್ಕ. ಕರಾರುವಾಕ್ಕಾಗಿ ಬೇಕಿದ್ರೆ ಫೋನಿನಲ್ಲಿ ಗೂಗಲ್ ಶೀಟ್ಸ್ ತೆಗೆದು ಒಂದು ಖಾನೆಯಲ್ಲಿ ಹೀಗೆ ಟೈಪ್ ಮಾಡಿ:

```
=RATE(12,-3000,33010)*12
```

12 ಅಂದ್ರೆ ಕಂತಿನ ಸಂಖ್ಯೆ. ಕಂತು ನಿಮ್ಮ ಕೈಯಿಂದ ಹೋಗೋ ದುಡ್ಡಾದ್ದರಿಂದ ಅದಕ್ಕೆ ಮೈನಸ್. ಆ ಮೈನಸ್ ಮರೆತರೆ ಶೀಟ್ ಎರರ್ ತೋರಿಸುತ್ತೆ. ಕೊನೆಯದು ನಿಜವಾದ ಸಾಲ. ಉತ್ತರ 0.163 ಆಸುಪಾಸು, ಅಂದ್ರೆ 16.3%. ಚೀಟಿಯಲ್ಲಿ ಸೊನ್ನೆ ಅಂತ ಬರೆದಿದ್ದ ಬಡ್ಡಿ ಇದು.

[ದೃಶ್ಯ: ಅದೇ ಚೀಟಿ. ಕೆಳಗೆ ಸಣ್ಣ ಅಕ್ಷರದಲ್ಲಿ "2 ಕಂತು ಮುಂಗಡ"]

ಇನ್ನೊಂದು ನಮೂನೆ ಇದೆ, ಅದರ ಬಗ್ಗೆ ಹೆಚ್ಚು ಎಚ್ಚರ ಬೇಕು. ಒಟ್ಟು ಹನ್ನೆರಡು ಕಂತು, ಅದರಲ್ಲಿ ಎರಡನ್ನು ಅಂಗಡಿಯಲ್ಲೇ ಮುಂಗಡ ಕಟ್ಟಬೇಕು, ಉಳಿದದ್ದು ಹತ್ತು ತಿಂಗಳು. ಒಟ್ಟು ಮೊತ್ತ ಅದೇ 36,000, ಫೀ ಅದೇ 590. ವ್ಯತ್ಯಾಸ ಏನಿಲ್ಲ ಅಂತ ಕಾಣುತ್ತೆ. ಆದ್ರೆ ಮೊದಲ ದಿನವೇ 6,000 ಕೊಟ್ಟಿರೋದ್ರಿಂದ ನಿಮಗೆ ಸಿಕ್ಕ ಸಾಲ 33,010 ಅಲ್ಲ, 27,010 ಮಾತ್ರ. ಅದನ್ನೂ ಹತ್ತೇ ತಿಂಗಳಲ್ಲಿ ತೀರಿಸ್ತೀರಿ. ಖರ್ಚು ಮಾತ್ರ 2,990 ಹಾಗೇ ಉಳೀತು.

```
=RATE(10,-3000,27010)*12
```

ಉತ್ತರ ಸುಮಾರು 23.5%. ಬೆಲೆ, ಫೀ, ಒಟ್ಟು ಮೊತ್ತ ಯಾವುದೂ ಬದಲಾಗದೆ ದರ ಏಳು ಪಾಯಿಂಟ್ ಏರಿತು. "ಮುಂಗಡ ಎಷ್ಟು ಕಂತು?" ಅಂತ ಮರೆಯದೆ ಕೇಳಿ.

[ದೃಶ್ಯ: ಕ್ರೆಡಿಟ್ ಕಾರ್ಡ್ ಬಿಲ್, ಬಡ್ಡಿ ಮತ್ತು ಜಿಎಸ್‌ಟಿ ಸಾಲುಗಳಿಗೆ ಗುರುತು]

ಕ್ರೆಡಿಟ್ ಕಾರ್ಡಿನಲ್ಲಿ ನೋ ಕಾಸ್ಟ್ ಇಎಂಐ ತಗೊಂಡ್ರೆ ಬಡ್ಡಿ ಕಣ್ಣಿಗೇ ಕಾಣುತ್ತೆ. ಬ್ಯಾಂಕಿನ ದರ 16% ಅನ್ನಿ. 36,000ದ ಫ್ರಿಜ್‌ಗೆ ಮೊದಲೇ 2,935 ರಿಯಾಯಿತಿ ಕೊಟ್ಟು, ಉಳಿದ 33,065ನ್ನು ಸಾಲವಾಗಿ ಬರೀತಾರೆ. ಅದರ ಮೇಲೆ ವರ್ಷದಲ್ಲಿ 2,935 ಬಡ್ಡಿ ಸೇರಿ ಮತ್ತೆ 36,000 ಆಗುತ್ತೆ. ರಿಯಾಯಿತಿ ಮತ್ತು ಬಡ್ಡಿ ಸರಿಸಮ, ಅದಕ್ಕೇ "ನೋ ಕಾಸ್ಟ್".

ಆದ್ರೆ ಕ್ರೆಡಿಟ್ ಕಾರ್ಡಿನ ಬಡ್ಡಿಗೆ 18% ಜಿಎಸ್‌ಟಿ ಬೀಳುತ್ತೆ. ಫೈನಾನ್ಸ್ ಕಂಪನಿಯ ಸಾಮಾನ್ಯ ಸಾಲದ ಬಡ್ಡಿಗೆ ಇದು ಇಲ್ಲ, ಕಾರ್ಡಿಗೆ ಇದೆ. ಮೊದಲ ತಿಂಗಳ ಬಡ್ಡಿ 441 ರೂಪಾಯಿ, ಅದರ ಜಿಎಸ್‌ಟಿ 79. ಆದ್ದರಿಂದ ಮೊದಲ ಬಿಲ್ಲಿನಲ್ಲಿ 3,000 ಬದಲು 3,079 ಕಾಣುತ್ತೆ. ಸಾಲ ಇಳಿದ ಹಾಗೆ ಇದೂ ಇಳಿದು ಕೊನೆ ತಿಂಗಳು 7 ರೂಪಾಯಿಗೆ ಬರುತ್ತೆ. ವರ್ಷಕ್ಕೆ ಒಟ್ಟು 528. ಪ್ರೊಸೆಸಿಂಗ್ ಫೀ 199 ಮತ್ತು ಅದರ ಜಿಎಸ್‌ಟಿ ಸೇರಿ 235 ಅಂತ ಇಟ್ಕೊಂಡ್ರೆ, ನೀವು ಕಟ್ಟೋದು 36,763. ಕ್ಯಾಶ್ ಬೆಲೆ 33,600ಕ್ಕೆ ಹೋಲಿಸಿದ್ರೆ 3,163 ಜಾಸ್ತಿ. ವಾರ್ಷಿಕ ದರ ಸುಮಾರು 17%.

2022ರಲ್ಲಿ ರಿಸರ್ವ್ ಬ್ಯಾಂಕ್ ಕ್ರೆಡಿಟ್ ಕಾರ್ಡ್‌ಗಳಿಗೆ ಕೊಟ್ಟ ನಿರ್ದೇಶನದ ಪ್ರಕಾರ, ಇಎಂಐಗೆ ಬದಲಿಸೋ ಮೊದಲೇ ಅಸಲು, ಬಡ್ಡಿ, ಮುಂಚಿತ ರಿಯಾಯಿತಿ ಮೂರನ್ನೂ ಬೇರೆ ಬೇರೆ ತೋರಿಸಬೇಕು, ಬಿಲ್ಲಿನಲ್ಲೂ ತೋರಿಸಬೇಕು. ಹಾಗಾಗಿ ಆನ್‌ಲೈನ್‌ನಲ್ಲಿ ಹಣ ಕಟ್ಟೋ ಪುಟದಲ್ಲಿ ಇಎಂಐ ವಿವರ ಒತ್ತಿ, ಈ ಮೂರು ಸಾಲುಗಳನ್ನು ಓದಿಯೇ ಮುಂದೆ ಹೋಗಿ.

ಫೈನಾನ್ಸ್ ಕಂಪನಿ ಸಾಲವಾದ್ರೆ "ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್" ಅನ್ನೋ ಪತ್ರ ಕೊಡಬೇಕು. ಅದರಲ್ಲಿ ಎಪಿಆರ್, ಅಂದ್ರೆ ಫೀ ಎಲ್ಲಾ ಸೇರಿದ ವಾರ್ಷಿಕ ದರ ಇರುತ್ತೆ. ಓದಲೇಬೇಕಾದ ಪತ್ರ ಅದು, ಫೀ ಎಲ್ಲಾ ಅದರಲ್ಲಿ ಸಿಕ್ಕಿಬೀಳುತ್ತೆ. ಆದ್ರೆ ಅದಕ್ಕೆ ಒಂದು ಮಿತಿ ಇದೆ. ಸಾಲದ ಮೊತ್ತ 36,000 ಅಂತ ಬರೆದಿದ್ರೆ, ಎಪಿಆರ್ ಲೆಕ್ಕವೂ 36,000ದ ಮೇಲೇ ನಡೆಯುತ್ತೆ. ಕ್ಯಾಶ್ ಕೊಟ್ಟಿದ್ರೆ ಅಂಗಡಿಯವರು 33,600ಕ್ಕೆ ಕೊಡ್ತಿದ್ರು ಅನ್ನೋದು ಆ ಪತ್ರಕ್ಕೆ ಗೊತ್ತಿರಲ್ಲ. ಬಿಟ್ಟುಕೊಟ್ಟ ಡಿಸ್ಕೌಂಟ್ ಯಾವ ದಾಖಲೆಯಲ್ಲೂ ಬರೋದಿಲ್ಲ, ನೀವೇ ಕೇಳಿ ತಿಳ್ಕೋಬೇಕು.

[ದೃಶ್ಯ: ಅಂಗಡಿಯ ವಿಸಿಟಿಂಗ್ ಕಾರ್ಡಿನ ಹಿಂದೆ ಪೆನ್ನಿನಿಂದ ಬರೆದ ಬೆಲೆ]

ಕೇಳೋವಾಗ ಮಾಡೆಲ್ ನಂಬರ್ ಪೂರ್ತಿ ಬರೆದುಕೊಳ್ಳಿ. ನೋಡೋಕೆ ಒಂದೇ ಥರ ಇರೋ ಎರಡು ಫ್ರಿಜ್‌ಗಳ ನಂಬರಿನಲ್ಲಿ ಕೊನೆಯ ಒಂದೆರಡು ಅಕ್ಷರ ಬೇರೆ ಇದ್ರೆ ಸ್ಟಾರ್ ರೇಟಿಂಗೋ ತಯಾರಾದ ವರ್ಷವೋ ಬೇರೆ ಇರಬಹುದು. ಆಗ ಹೋಲಿಕೆಯೇ ತಪ್ಪು. ಕ್ಯಾಶ್ ಬೆಲೆಯನ್ನು ಅಂಗಡಿ ಕಾರ್ಡಿನ ಹಿಂದೆ ಬರೆಸಿಕೊಳ್ಳಿ, ಬೇರೆ ಅಂಗಡಿಯಲ್ಲೂ ಕೇಳಿ. "ಬಿಲ್ ಇಲ್ಲದೆ ಆದ್ರೆ ಇನ್ನೂ ಕಡಿಮೆ" ಅಂದ್ರೆ ಅದನ್ನು ಡಿಸ್ಕೌಂಟ್ ಅಂತ ಲೆಕ್ಕಕ್ಕೆ ತಗೋಬೇಡಿ. ಬಿಲ್ ಇಲ್ಲದಿದ್ರೆ ವಾರಂಟಿ ಕೇಳೋವಾಗ ಕೈಯಲ್ಲಿ ಆಧಾರವೇ ಇರಲ್ಲ.

ಹಾಗಂತ ಕಂತು ಯಾವಾಗಲೂ ನಷ್ಟ ಅಲ್ಲ. ಕ್ಯಾಶಿಗೂ ಅದೇ 36,000, ಒಂದು ರೂಪಾಯಿ ಬಿಡಲ್ಲ ಅಂತ ಎರಡು ಮೂರು ಅಂಗಡಿಯಲ್ಲಿ ಖಾತ್ರಿಯಾದ್ರೆ, ಸಬ್ವೆನ್ಷನ್ ಬ್ರ್ಯಾಂಡ್ ಕಡೆಯಿಂದ ಬಂದಿರಬಹುದು. ಆಗ ನಿಮ್ಮ ಖರ್ಚು ಫೀ ಮಾತ್ರ, ಕಂತೇ ಲಾಭ. ನಡುವಿನ ಗೆರೆ ಎಲ್ಲಿ ಅನ್ನೋದನ್ನೂ ಲೆಕ್ಕ ಹಾಕಬಹುದು. ನಿಮ್ಮ ದುಡ್ಡು 7% ಎಫ್‌ಡಿಯಲ್ಲಿದೆ, ಮುಂಗಡ ಕಂತಿಲ್ಲ, 12 ತಿಂಗಳು ಅನ್ನಿ. ಆಗ ತಿಂಗಳಿಗೆ 3,000ದಂತೆ 36,000 ಕಟ್ಟೋಕೆ ಇವತ್ತು ಎಫ್‌ಡಿಯಲ್ಲಿ ಸುಮಾರು 34,670 ಇದ್ರೆ ಸಾಕು, ಉಳಿದ 1,330 ಬಡ್ಡಿಯಿಂದಲೇ ಬರುತ್ತೆ. ಬಿಟ್ಟುಕೊಡೋ ಡಿಸ್ಕೌಂಟ್ ಮತ್ತು ಫೀ ಎರಡೂ ಸೇರಿ 1,300 ರೂಪಾಯಿ ಒಳಗಿದ್ರೆ ಕಂತು ಮಾಡಿ, ಮೀರಿದ್ರೆ ಪೂರ್ತಿ ಕಟ್ಟಿ. ನಮ್ಮ ಉದಾಹರಣೆಯಲ್ಲಿ ಅದು 2,990, ಕ್ಯಾಶೇ ವಾಸಿ.

ಕೈಯಲ್ಲಿ ದುಡ್ಡಿಲ್ಲ, ಹಳೇ ಫ್ರಿಜ್ ಕೆಟ್ಟು ಹೋಗಿದೆ ಅಂದ್ರೆ ಹೋಲಿಕೆ ಎಫ್‌ಡಿ ಜೊತೆ ಅಲ್ಲ, ನಿಮಗೆ ಸಿಗೋ ಬೇರೆ ಸಾಲದ ಜೊತೆ. ಚಿನ್ನದ ಮೇಲಿನ ಸಾಲವೋ, ಸೊಸೈಟಿ ಸಾಲವೋ 16.3%ಗಿಂತ ಕಡಿಮೆಗೆ ಸಿಕ್ಕರೆ ಅದನ್ನು ತಗೊಂಡು ಅಂಗಡಿಗೆ ಕ್ಯಾಶ್ ಕೊಡಿ. ಸಿಗದಿದ್ರೆ ಈ ಕಂತು ಒಪ್ಪತಕ್ಕದ್ದೇ, ದರ ಎಷ್ಟು ಅಂತ ಗೊತ್ತಿದ್ದು ಒಪ್ಪಿದ್ರೆ ಸಾಕು.

ಸಹಿ ಹಾಕೋ ಮೊದಲು ಸಾಲದ ಮೊತ್ತವನ್ನು ಬಿಲ್ಲಿನ ಮೊತ್ತದ ಜೊತೆ ಹೋಲಿಸಿ. 36,000 ಇರಬೇಕಾದ ಕಡೆ 38,000 ಇದ್ರೆ ಎಕ್ಸ್‌ಟೆಂಡೆಡ್ ವಾರಂಟಿಯೋ ವಿಮೆಯೋ ಒಳಗೆ ಸೇರಿದೆ, ಬೇಡ ಅಂದ್ರೆ ತೆಗೆಸಿ. ಒಟಿಪಿ ಕೊಡೋದು ಅದಾದ ಮೇಲೆ. ಪತ್ರದಲ್ಲಿ ಇಲ್ಲದ ಶುಲ್ಕ ಆಮೇಲೆ ಖಾತೆಯಿಂದ ಕಡಿತವಾದ್ರೆ ಮೊದಲು ಸಾಲ ಕೊಟ್ಟವರಿಗೇ ಲಿಖಿತ ದೂರು ಕೊಟ್ಟು ದೂರಿನ ಸಂಖ್ಯೆ ಇಟ್ಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ರೆ, cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕ ಇಲ್ಲ.

[ತೆರೆಯ ಮೇಲೆ: ಎರಡು ಸೂತ್ರಗಳು, ಪೂರ್ತಿ ತೆರೆಯಲ್ಲಿ, ಸ್ಕ್ರೀನ್‌ಶಾಟ್‌ಗಾಗಿ 10 ಸೆಕೆಂಡ್]