ರೈಲ್ವೆ ಗೇಟಿನಲ್ಲಿ ಎಡಗಡೆ ಒಂದೇ ಸಾಲು

ಕೇಳುಗರೆಲ್ಲರಿಗೂ ನಮಸ್ಕಾರ. ರೈಲ್ವೆ ಗೇಟಿನಲ್ಲಿ ಯಾರು ಕಾಯಬೇಕು ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ರಸ್ತೆಯವರು ಕಾಯಬೇಕು. ರೈಲಿಗೆ ಪಕ್ಕಕ್ಕೆ ಸರಿಯಲು ಆಗುವುದಿಲ್ಲ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬರುವ ರೈಲು ಬ್ರೇಕ್ ಹಾಕಿದ ಮೇಲೂ ನೂರಾರು ಮೀಟರ್ ಮುಂದೆ ಹೋಗಿಯೇ ನಿಲ್ಲುತ್ತದೆ. ಇದು ನಿಮಗೆಲ್ಲ ಗೊತ್ತಿರುವುದೇ. ನಾನು ಇವತ್ತು ಹೇಳಬೇಕೆಂದಿರುವುದು ಬೇರೆ: ಕಾಯುವಾಗ ಎಲ್ಲಿ ನಿಲ್ಲಬೇಕು? ಎಡಗಡೆ, ಒಂದೇ ಸಾಲಿನಲ್ಲಿ.

ಒಂದು ಮಾಮೂಲಿ ಗೇಟನ್ನು ನೋಡೋಣ. ರಸ್ತೆ ಎರಡು ವಾಹನಗಳಷ್ಟು ಅಗಲ. ಗೇಟ್ ಬಿದ್ದಿದೆ. ಈ ಕಡೆ ಎಡಗಡೆ ಒಂದು ಬಸ್ಸು, ಅದರ ಹಿಂದೆ ಲಾರಿ. ಸ್ವಲ್ಪ ಹೊತ್ತಿಗೆ ಒಂದು ಕಾರು ಬಲಗಡೆಯಿಂದ ನುಗ್ಗಿ ಬಸ್ಸಿನ ಪಕ್ಕದಲ್ಲೇ ನಿಲ್ಲುತ್ತದೆ. ಅದರ ಬೆನ್ನಿಗೆ ಆಟೊ, ಆಟೊ ಹಿಂದೆ ಬೈಕುಗಳು. ಆಚೆ ಕಡೆಯೂ ಹೀಗೇ. ರೈಲು ಹೋಯಿತು, ಗೇಟ್ ಎದ್ದಿತು. ಈಗ ಬಸ್ಸಿನ ಎದುರಿಗೆ ಆಚೆಯಿಂದ ತಪ್ಪು ಬದಿಯಲ್ಲಿ ಬಂದ ಕಾರು, ನಮ್ಮ ಕಾರಿನ ಎದುರಿಗೆ ಆಚೆಯ ಲಾರಿ. ಯಾರಿಗೂ ಹೋಗಲು ದಾರಿಯಿಲ್ಲ, ಆದರೂ ಎಲ್ಲರೂ ಒಂದೊಂದು ಅಡಿ ಮುಂದೆ ಬರುತ್ತಾರೆ. ಕೊನೆಗೆ ನಿಲ್ಲುವುದು ಎಲ್ಲಿ? ಹಳಿಯ ಮೇಲೆ.

ಅಷ್ಟರಲ್ಲಿ ಮುಂದಿನ ರೈಲು ಹೊರಟಿದೆ ಎಂದು ಸ್ಟೇಷನ್ ಮಾಸ್ಟರ್ ಫೋನಿನಲ್ಲಿ ಗೇಟ್‌ಮನ್‌ಗೆ ತಿಳಿಸುತ್ತಾರೆ. ಗೇಟ್ ಹಾಕಲು ಆಗುವುದಿಲ್ಲ, ಕೆಳಗೆ ವಾಹನಗಳಿವೆ. ಈಗ ದಯವಿಟ್ಟು ಗಮನವಿಟ್ಟು ಕೇಳಿ. ಗೇಟಿಗೂ ಸಿಗ್ನಲ್‌ಗೂ ಬೀಗದ ಸಂಬಂಧ ಇರುವ ಕಡೆ, ಗೇಟ್ ಪೂರ್ತಿ ಬಿದ್ದು ಬೀಗ ಕೂರುವವರೆಗೆ ರೈಲಿನ ಸಿಗ್ನಲ್ ಹಸಿರಾಗುವುದಿಲ್ಲ. ಹಾಗಾಗಿ ರೈಲು ಕೆಂಪಿನ ಮುಂದೆ ನಿಲ್ಲುತ್ತದೆ. ಅದೇ ರೀತಿ, ಸಿಗ್ನಲ್ ಹಸಿರು ಕೊಟ್ಟ ಮೇಲೆ ಗೇಟ್‌ಮನ್ ಬಯಸಿದರೂ ಗೇಟ್ ತೆರೆಯಲಾರ, ಬೀಗ ಬಿಡುವುದೇ ಇಲ್ಲ. "ರೈಲು ಇನ್ನೂ ದೂರ ಇದೆ, ಬಿಡಪ್ಪಾ" ಎಂದು ಅವನ ಮೇಲೆ ರೇಗುತ್ತೀರಲ್ಲ, ಅವನ ಕೈಯಲ್ಲಿ ಏನೂ ಇರುವುದಿಲ್ಲ. ನಿಂತಿದ್ದ ರೈಲು ಮತ್ತೆ ಹೊರಟು ವೇಗ ಹಿಡಿದು ಪೂರ್ತಿ ದಾಟುವವರೆಗೆ ಗೇಟ್ ಮುಚ್ಚಿಯೇ ಇರುತ್ತದೆ. ಒಂದು ಕಾರು ಬಲಗಡೆ ನುಗ್ಗಿದ್ದರಿಂದ ಅದರ ಹಿಂದಿನವರೆಲ್ಲ ಎರಡು ಪಟ್ಟು ಕಾದರು. ಎಡಗಡೆ ಒಂದೇ ಸಾಲಿದ್ದಿದ್ದರೆ ಗೇಟ್ ಎದ್ದ ಕೂಡಲೇ ಎರಡೂ ಕಡೆಯವರು ಸಲೀಸಾಗಿ ಹೋಗಿಬಿಡುತ್ತಿದ್ದರು.

ಇದಕ್ಕೇ ಸೇರಿದ ಇನ್ನೊಂದು ಮಾತು. ಗೇಟ್ ತೆರೆದಿದ್ದರೂ, ಹಳಿ ದಾಟಿದ ಮೇಲೆ ನಿಮ್ಮ ಇಡೀ ವಾಹನ ನಿಲ್ಲುವಷ್ಟು ಜಾಗ ಆಚೆ ಕಂಡರೆ ಮಾತ್ರ ಮುಂದೆ ಹೋಗಿ. ಟ್ರಾಕ್ಟರ್ ಓಡಿಸುವವರು ಹಿಂದಿನ ಟ್ರೈಲರ್‌ನ ಉದ್ದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಕಸ್ಮಾತ್ ವಾಹನ ಹಳಿಯ ಮೇಲೆ ಕೆಟ್ಟು ನಿಂತರೆ, ಸ್ಟಾರ್ಟ್ ಮಾಡುತ್ತಾ ಕೂರಬೇಡಿ. ಮೊದಲು ಜನರನ್ನು ಇಳಿಸಿ ದೂರ ಕಳಿಸಿ, ತಕ್ಷಣ ಗೇಟ್‌ಮನ್‌ಗೆ ಹೇಳಿ. ಅವನು ಸಿಗ್ನಲ್ ಕೆಂಪು ಮಾಡಿಸಿ, ಕೆಂಪು ಬಾವುಟ ಹಿಡಿದು ರೈಲು ಬರುವ ಕಡೆ ಓಡುತ್ತಾನೆ. ಬ್ರಾಡ್‌ಗೇಜ್ ಹಳಿಯಲ್ಲಿ 600 ಮೀಟರ್ ದೂರದಲ್ಲಿ ಒಂದು ಪಟಾಕಿ, 1200 ಮೀಟರ್‌ನಲ್ಲಿ ಹತ್ತತ್ತು ಮೀಟರ್ ಅಂತರದಲ್ಲಿ ಮೂರು ಪಟಾಕಿ ಇಡುತ್ತಾನೆ. ಚಕ್ರ ಹತ್ತಿ ಅದು ಸಿಡಿದರೆ ಲೋಕೋ ಪೈಲಟ್‌ಗೆ ಅಪಾಯ ಗೊತ್ತಾಗುತ್ತದೆ. ಅಷ್ಟು ದೂರ ಓಡುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ನೀವೇ ಯೋಚಿಸಿ, ತಡ ಮಾಡದೆ ಹೇಳಿ.

ಮುಚ್ಚಿದ ಗೇಟಿನಡಿ ಬೈಕು ಓರೆಮಾಡಿ ನುಸುಳುವವರಿಗೆ ಒಂದೇ ಮಾತು: ಜೋಡಿ ಹಳಿಯಿರುವ ಕಡೆ ಒಂದು ರೈಲು ಹೋದ ಮೇಲೂ ಗೇಟ್ ಏಳದಿದ್ದರೆ, ಇನ್ನೊಂದು ಹಳಿಯಲ್ಲಿ ಮತ್ತೊಂದು ರೈಲು ಬರುತ್ತಿರಬಹುದು. ಮೊದಲ ರೈಲಿನ ಕೊನೆಯ ಬೋಗಿಗಳು ಅದನ್ನು ಮರೆಮಾಡಿರುತ್ತವೆ. ಮುಚ್ಚಿದ ಗೇಟನ್ನು ತಾವೇ ತೆರೆಯುವವರಿಗೆ ರೈಲ್ವೆ ಕಾಯ್ದೆಯ 160ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲಿದೆ. ಮುರಿದರೆ ಐದು ವರ್ಷದವರೆಗೆ.

ನನ್ನ ಸಮಯ ಮುಗಿಯುತ್ತಾ ಬಂತು, ಗೇಟಿಲ್ಲದ ದಾಟುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಬ್ರಾಡ್‌ಗೇಜ್ ಹಳಿಗಳಲ್ಲಿ ಕಾವಲುಗಾರನಿಲ್ಲದ ದಾಟುಗಳನ್ನು 2019ರ ಜನವರಿ ಹೊತ್ತಿಗೆ ತೆಗೆದುಹಾಕಿದ್ದಾರೆ. ಆದರೂ ಅಂಥದ್ದು ಎದುರಾದರೆ ನಿಯಮ ಸ್ಪಷ್ಟ. ಮೋಟಾರು ವಾಹನ ಕಾಯ್ದೆಯ 131ನೇ ಕಲಮಿನ ಪ್ರಕಾರ ಚಾಲಕ ವಾಹನ ನಿಲ್ಲಿಸಲೇಬೇಕು. ಕಂಡಕ್ಟರ್ ಅಥವಾ ಕ್ಲೀನರ್ ಇಳಿದು ಹಳಿಯವರೆಗೆ ನಡೆದು, ಎರಡೂ ಕಡೆ ರೈಲಾಗಲಿ ಟ್ರಾಲಿಯಾಗಲಿ ಬರುತ್ತಿಲ್ಲವೆಂದು ನೋಡಿ, ಆಮೇಲೆ ವಾಹನವನ್ನು ದಾಟಿಸಬೇಕು. ಜೊತೆಗೆ ಯಾರೂ ಇಲ್ಲವೆಂದರೆ ಚಾಲಕನೇ ಇಳಿದು ನೋಡಬೇಕು. ಕುಳಿತಲ್ಲಿಂದಲೇ ಕಿಟಕಿಯಾಚೆ ಇಣುಕಿದರೆ ಸಾಲದು, ಇಳಿಯಬೇಕು.