ಐದು ಎಂ.ಎಲ್. ಎಂದರೆ ಎಷ್ಟು ಮದ್ದು?

ಕೇಳುಗರಿಗೆ ನಮಸ್ಕಾರ. ಮಗುವಿಗೆ ಜ್ವರ ಬಂದಾಗ ಕೊಡುವ ಪ್ಯಾರಸಿಟಮಾಲ್ ಬಗ್ಗೆ ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ. ಎಂ.ಎಲ್. ಎನ್ನುವುದು ನೀರಿನ ಅಳತೆ, ಮದ್ದಿನ ಅಳತೆ ಮಿಲಿಗ್ರಾಂ.

ಬದಿಯಡ್ಕದ ಕಡೆಯ ಒಂದು ಮನೆಯ ಕಥೆ ಕೇಳಿ. ಮಗುವಿನ ತೂಕ ಎಂಟು ಕಿಲೋ. ಒಂದು ಸಲಕ್ಕೆ ಕಿಲೋವಿಗೆ 15 ಮಿಲಿಗ್ರಾಂ ಲೆಕ್ಕದಲ್ಲಿ 120 ಮಿಲಿಗ್ರಾಂ ಬೇಕು. ಮನೆಯಲ್ಲಿದ್ದ ಸಿರಪ್ಪಿನಲ್ಲಿ 5 ಎಂ.ಎಲ್.ಗೆ 120 ಮಿಲಿಗ್ರಾಂ ಇತ್ತು. ಹಾಗಾಗಿ ನಾನು "5 ಎಂ.ಎಲ್. ಕೊಡಿ" ಎಂದಿದ್ದೆ. ಅಜ್ಜಿ ಆ ಮಾತನ್ನು ಮಂತ್ರದಂತೆ ಬಾಯಿಪಾಠ ಮಾಡಿಕೊಂಡರು. ತಿಂಗಳು ಕಳೆಯಿತು, ಸಿರಪ್ ಮುಗಿಯಿತು, ಮತ್ತೆ ಜ್ವರ ಬಂತು. ಮಗುವಿನ ಮಾವ ಸಂಜೆ ಪೇಟೆಗೆ ಹೋಗಿ ಪ್ಯಾರಸಿಟಮಾಲ್ ತಂದರು. ಹೆಸರು ಅದೇ, ಬಣ್ಣವೂ ಅದೇ. ಆದರೆ ತಂದದ್ದು ಡ್ರಾಪ್ಸ್. ಅದರಲ್ಲಿ ಒಂದೇ ಎಂ.ಎಲ್.ಗೆ 100 ಮಿಲಿಗ್ರಾಂ ಇರುತ್ತದೆ! ಜೊತೆಗಿದ್ದ ಪುಟ್ಟ ಡ್ರಾಪರನ್ನು ಬದಿಗಿಟ್ಟು, ಅಜ್ಜಿ ಹಳೆಯ ಸಿರಪ್ಪಿನ ಮುಚ್ಚಳದಲ್ಲಿ 5 ಎಂ.ಎಲ್. ಅಳೆದು ಕುಡಿಸಿದರು. ಅಂದರೆ 500 ಮಿಲಿಗ್ರಾಂ, ಬೇಕಾದದ್ದರ ನಾಲ್ಕು ಪಟ್ಟಿಗಿಂತ ಹೆಚ್ಚು. ನಡುರಾತ್ರಿ ಇನ್ನೊಮ್ಮೆ ಅಷ್ಟೇ. ಬೆಳಿಗ್ಗೆ ಮಗು ನಗುತ್ತಿತ್ತು. ಪ್ಯಾರಸಿಟಮಾಲ್ ಮೋಸ ಮಾಡುವುದು ಅಲ್ಲಿಯೇ: ಯಕೃತ್ತಿಗೆ ಪೆಟ್ಟು ಬಿದ್ದರೂ ಮೊದಲ ದಿನ ಮಗು ಚೆನ್ನಾಗಿರುವಂತೆ ಕಾಣಬಹುದು. ನಾನು ಕೂಡಲೇ ಮಂಗಳೂರಿಗೆ ಕಳುಹಿಸಿದೆ. ಅಲ್ಲಿ ರಕ್ತ ಪರೀಕ್ಷೆ ಮಾಡಿ ಎರಡು ದಿನ ಇರಿಸಿಕೊಂಡರು. ಮಗು ಪಾರಾಯಿತು. ಅಜ್ಜಿಯನ್ನು ದೂರಲಾರೆ, ಮಿಲಿಗ್ರಾಂ ಹೇಳದೆ ಎಂ.ಎಲ್. ಮಾತ್ರ ಹೇಳಿದವನು ನಾನೇ.

ಅದೇ ಮಗುವಿಗೆ ಡ್ರಾಪ್ಸ್ ಆದರೆ 1.2 ಎಂ.ಎಲ್. ಸಾಕು. 5 ಎಂ.ಎಲ್.ಗೆ 250 ಮಿಲಿಗ್ರಾಂ ಇರುವ ಸಿರಪ್ ಆದರೆ 2.4. ಮದ್ದು ಒಂದೇ, ಮಗು ಒಂದೇ, ಅಳತೆ ಮೂರು! ಲೇಬಲ್ಲಿನಲ್ಲಿ ಕನ್ನಡ ಇಲ್ಲ ಎನ್ನಬೇಡಿ, ಅಂಕೆಗಳನ್ನು ಓದಲು ಕನ್ನಡ ಬೇಕಾಗಿಲ್ಲ. ತೂಕ ಗೊತ್ತಿಲ್ಲವೇ? ಅಂಗನವಾಡಿಯಲ್ಲಿ ತಕ್ಕಡಿ ಇದೆ. ಇಲ್ಲದಿದ್ದರೆ ಮಗುವನ್ನು ಎತ್ತಿಕೊಂಡು ತೂಕ ನೋಡಿ, ನಿಮ್ಮ ತೂಕ ಕಳೆಯಿರಿ. ಹೋದ ವರ್ಷದ ತೂಕ ಬೇಡ.

ಇನ್ನು ಚಮಚ. ದಯವಿಟ್ಟು ಅಡುಗೆಮನೆಯ ಚಮಚವನ್ನು ಅಡುಗೆಗೇ ಬಿಡಿ. ಒಂದರಲ್ಲಿ ಮೂರು ಎಂ.ಎಲ್. ಹಿಡಿದರೆ ಇನ್ನೊಂದರಲ್ಲಿ ಏಳು ಹಿಡಿಯುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಬಾಯಿಗೆ ಮದ್ದು ಹಾಕುವ, ಸೂಜಿ ಇಲ್ಲದ ಸಿರಿಂಜ್ ಕೇಳಿ. 2.4 ಎಂ.ಎಲ್. ಅನ್ನು ಮುಚ್ಚಳದಲ್ಲಿ ಅಳೆಯಲು ನನಗೂ ಆಗದು.

ಸಮಯ ಮುಗಿಯಿತು ಎಂದು ಕೈಸನ್ನೆ ಬರುತ್ತಿದೆ. ಬಾಟಲಿಯನ್ನು ಚೆನ್ನಾಗಿ ಕುಲುಕಿ, ಸಿರಿಂಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ನೋಡಿ, ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಿ. ಎರಡು ಸಲದ ನಡುವೆ ಆರು ಗಂಟೆ ಇರಲಿ, ದಿನಕ್ಕೆ ನಾಲ್ಕು ಸಲ ಮೀರಬೇಡಿ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ ಲೆಕ್ಕ ಹಾಕುತ್ತ ಕೂರದೆ ವೈದ್ಯರಲ್ಲಿಗೆ ಹೋಗಿ. ನಮಸ್ಕಾರ.