ಮೂಟೆ, ಕಿಲೋ, ಘನ ಅಡಿ: ಮೊದಲು ಡಬ್ಬಿ ತೂಗಿ

ಕೇಳುಗರಿಗೆ ನಮಸ್ಕಾರ. ಮನೆ ಕಟ್ಟಿಸಲು ಹೊರಟವರು ದರ ಕೇಳೋಕೆ ಹೋದರೆ, ಸಿಮೆಂಟಿನವರು ಮೂಟೆ ಲೆಕ್ಕ ಹೇಳುತ್ತಾರೆ. ಮರಳಿನವರಲ್ಲಿ ಒಬ್ಬರು ಟನ್ ಅನ್ನುತ್ತಾರೆ, ಇನ್ನೊಬ್ಬರು ಘನ ಅಡಿ ಅನ್ನುತ್ತಾರೆ. ಜಲ್ಲಿಯವರು ಘನ ಮೀಟರ್ ಅನ್ನುತ್ತಾರೆ. ಇವನ್ನೆಲ್ಲ ಹೋಲಿಸೋದು ಹೇಗೆ ಅಂತ ನನ್ನನ್ನು ಕೇಳುವವರು ಬಹಳ. ಎಲ್ಲರಿಗೂ ನಾನು ಹೇಳೋದು ಒಂದೇ ಮಾತು. ತೂಕದಿಂದ ಅಳತೆಗೆ ಹೋಗಬೇಕಾದರೆ ಮೊದಲು ಒಂದು ಡಬ್ಬಿ ಮರಳು ತೂಗಿ.

ಘನ ಮೀಟರಿನಿಂದ ಘನ ಅಡಿಗೆ ಹೋಗಲು ಡಬ್ಬಿ ಬೇಡ. ಎರಡೂ ಜಾಗದ ಅಳತೆ. ಒಂದು ಘನ ಮೀಟರ್ ಅಂದರೆ 35.3 ಘನ ಅಡಿ. ಇದು ಮರಳಿಗೂ ಅಷ್ಟೇ, ಜಲ್ಲಿಗೂ ಅಷ್ಟೇ, ಎಂದಿಗೂ ಬದಲಾಗಲ್ಲ. ಒಂದು ಮೀಟರಿಗೆ 3.28 ಅಡಿ ಅಂತ ನೆನಪಿಟ್ಟುಕೊಂಡು ಘನ ಮೀಟರನ್ನೂ 3.28ರಿಂದಲೇ ಗುಣಿಸುವವರಿದ್ದಾರೆ. ಹಾಗೆ ಮಾಡಬೇಡಿ. ಉದ್ದ, ಅಗಲ, ಎತ್ತರ ಮೂರಕ್ಕೂ ಗುಣಿಸಬೇಕು. ಆಗ 35.3 ಬರುತ್ತದೆ.

ಸಿಮೆಂಟಿನ ಲೆಕ್ಕವೂ ಸುಲಭ. 50 ಕಿಲೋ ಮೂಟೆಯಲ್ಲಿರುವ ಸಿಮೆಂಟಿಗೆ 35 ಲೀಟರ್ ಜಾಗ ಅಂತ ಹಿಡಿಯುತ್ತೇವೆ. ಘನ ಅಡಿಯಲ್ಲಿ ಹೇಳಿದರೆ ಒಂದೂಕಾಲಿಗೆ ಚೂರು ಕಡಿಮೆ. ಮೂಟೆ 50 ಕಿಲೋದ್ದಲ್ಲದಿದ್ದರೆ ಅದೇ ಪ್ರಮಾಣದಲ್ಲಿ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಸಿಮೆಂಟನ್ನು ಸುರಿದು ಬಾಣಲಿಯಲ್ಲಿ ಅಳೆಯೋದು ಬೇಡ. ಸುರಿದಾಗ ಅದು ಗಾಳಿ ತುಂಬಿಕೊಂಡು ಸಡಿಲವಾಗುತ್ತದೆ, ಅಳತೆ ಕೈಕೊಡುತ್ತದೆ. ಮೂಟೆಯನ್ನೇ ಎಣಿಸಿ.

ತೊಂದರೆ ಇರೋದೆಲ್ಲ ಮರಳಿನಲ್ಲಿ. ನನ್ನ ಪರಿಚಯದವರೊಬ್ಬರ ವಿಷಯ ಹೇಳುತ್ತೇನೆ, ಕೇಳಿ. ಅವರ ಮುಂದೆ ಎರಡು ದರ ಇತ್ತು. ಒಬ್ಬರು ಲಾರಿ ಬಾಡಿ ಅಳೆದು 210 ಘನ ಅಡಿ ಕೊಡುತ್ತೇನೆ ಅಂದಿದ್ದರು. ಬಾಡಿ 12 ಅಡಿ ಉದ್ದ, 7 ಅಡಿ ಅಗಲ, ಮರಳು ಎರಡೂವರೆ ಅಡಿ ಎತ್ತರ. ಇನ್ನೊಬ್ಬರು ಲಾರಿಯನ್ನು ತೂಕ ಹಾಕಿಸಿ ಎಂಟೂವರೆ ಟನ್ ಕೊಡುತ್ತೇನೆ ಅಂದಿದ್ದರು. ಎರಡಕ್ಕೂ ಕೇಳಿದ ಹಣ ಒಂದೇ.

ನಮ್ಮವರು ಜಾಣರು. ಎಲ್ಲೋ ಸಿಕ್ಕ ಪಟ್ಟಿಯಲ್ಲಿ ಒಂದು ಘನ ಅಡಿ ಮರಳು 45 ಕಿಲೋ ಅಂತ ಇತ್ತು. ಗುಣಿಸಿ ನೋಡಿದರು. 210 ಘನ ಅಡಿಗೆ 9,450 ಕಿಲೋ ಆಯಿತು. ಎಂಟೂವರೆ ಟನ್‌ಗಿಂತ ಹತ್ತಿರ ಹತ್ತಿರ ಒಂದು ಟನ್ ಜಾಸ್ತಿ, ಅಲ್ವಾ? ಮೊದಲನೆಯವರಿಗೇ ಮುಂಗಡ ಕೊಡಲು ಎದ್ದು ನಿಂತಿದ್ದರು.

ಸ್ವಲ್ಪ ನಿಲ್ಲಿ ಅಂದೆ. ಇಬ್ಬರ ಹತ್ತಿರ ಇದ್ದದ್ದೂ ಒಂದೇ ಥರದ ಮರಳು. ಮೇಲೆ ಒಣಗಿದಂತೆ ಕಾಣುತ್ತಿತ್ತು. ಕೈ ತೂರಿಸಿ ಒಂದು ಹಿಡಿ ತೆಗೆದು ಒತ್ತಿದೆ. ಉಂಡೆ ಕಟ್ಟಿತು, ಅಂಗೈ ಮಾತ್ರ ಒದ್ದೆಯಾಗಲಿಲ್ಲ. ಅಂದರೆ ಹದವಾದ ತೇವ. ಒಂದು ಡಬ್ಬಿ ತರಿಸಿದೆ. ಖಾಲಿ ಡಬ್ಬಿ ತೂಗಿ, ನೀರು ತುಂಬಿಸಿ ಮತ್ತೆ ತೂಗಿದೆವು. ನೀರಿನ ತೂಕ 10 ಕಿಲೋ, ಅಂದರೆ ಡಬ್ಬಿ 10 ಲೀಟರಿನದು. ನೀರು ಚೆಲ್ಲಿ ಒರೆಸಿ, ಮರಳನ್ನು ಸಡಿಲವಾಗಿ ತುಂಬಿಸಿ, ಮೇಲೆ ಒಂದು ಪಟ್ಟಿ ಎಳೆದು ಸಮ ಮಾಡಿದೆವು. ತಟ್ಟಲಿಲ್ಲ, ಕುಲುಕಲಿಲ್ಲ. ತೂಗಿದರೆ ಬರೀ ಮರಳೇ 13.4 ಕಿಲೋ.

ಈಗ ಲೆಕ್ಕ ನೋಡಿ. 10 ಲೀಟರಿಗೆ 13.4 ಆದರೆ ಒಂದು ಘನ ಮೀಟರಿಗೆ, ಅಂದರೆ 1,000 ಲೀಟರಿಗೆ, 1,340 ಕಿಲೋ. ಅದನ್ನು 35.3ರಿಂದ ಭಾಗಿಸಿದರೆ ಒಂದು ಘನ ಅಡಿಗೆ 38 ಕಿಲೋ. ಪಟ್ಟಿಯ 45 ಅಲ್ಲ! 210 ಘನ ಅಡಿಗೆ ಸಿಗೋದು ಸುಮಾರು 8 ಟನ್. ಎಂಟೂವರೆ ಟನ್ ಕೊಡುವವರ ದರವೇ ಅರ್ಧ ಟನ್ ಲಾಭ. ಪಟ್ಟಿ ನಂಬಿದ್ದರೆ ಉಲ್ಟಾ ಆಗುತ್ತಿತ್ತು. ಇದರಲ್ಲಿ ಯಾರ ಮೋಸವೂ ಇಲ್ಲ. ಪಟ್ಟಿಯಲ್ಲಿದ್ದದ್ದು ಒಣ ಮರಳಿನ ತೂಕ, ಎದುರಿಗೆ ಇದ್ದದ್ದು ತೇವದ ಮರಳು.

ನೀರು ಸೇರಿದರೆ ತೂಕ ಜಾಸ್ತಿ ಆಗಬೇಕಲ್ಲ, ಕಡಿಮೆ ಹೇಗಾಯಿತು ಅಂತ ಅವರೂ ಕೇಳಿದರು. ಸ್ವಲ್ಪ ತೇವ ಇದ್ದಾಗ ಪ್ರತಿ ಕಾಳಿನ ಸುತ್ತ ನೀರಿನ ತೆಳು ಪೊರೆ ಕೂರುತ್ತದೆ. ಆ ಪೊರೆ ಕಾಳುಗಳನ್ನು ಒಂದಕ್ಕೊಂದು ತಾಗಲು ಬಿಡಲ್ಲ. ಮರಳು ಉಬ್ಬುತ್ತದೆ. ನೂರಕ್ಕೆ ಐದರಷ್ಟು ನೀರಿದ್ದರೆ ಸಾಕು, ಜಾಗ ಕಾಲು ಭಾಗದಷ್ಟು ಹೆಚ್ಚಬಹುದು. ಮರಳು ನುಣ್ಣಗಿದ್ದಷ್ಟೂ ಉಬ್ಬು ಜಾಸ್ತಿ. ಪೂರ್ತಿ ನೀರಲ್ಲಿ ಮುಳುಗಿಸಿದರೆ ಪೊರೆ ಒಡೆದು ಮರಳು ಮತ್ತೆ ಒಣ ಮರಳಿನಷ್ಟೇ ಜಾಗಕ್ಕೆ ಇಳಿಯುತ್ತದೆ.

ಉಬ್ಬು ಎಷ್ಟು ಅಂತ ನೋಡೋದೂ ಸುಲಭ. ನೆಟ್ಟಗಿರುವ ಗಾಜಿನ ಪಾತ್ರೆಯಲ್ಲಿ ತೇವದ ಮರಳನ್ನು 20 ಸೆಂಟಿಮೀಟರ್ ಎತ್ತರಕ್ಕೆ ಸಡಿಲವಾಗಿ ತುಂಬಿ. ಅದನ್ನು ಬೇರೆ ಕಡೆ ಸುರಿದಿಟ್ಟು, ಪಾತ್ರೆಗೆ ಅರ್ಧ ನೀರು ಹಾಕಿ. ಮರಳನ್ನು ಮತ್ತೆ ಅದರೊಳಗೆ ಹಾಕಿ, ಕಡ್ಡಿಯಿಂದ ಕುಕ್ಕಿ, ಇಳಿಯಲು ಬಿಡಿ. ಅವತ್ತು ಮರಳು 16ಕ್ಕೆ ನಿಂತಿತು. 16 ಇರಬೇಕಾದದ್ದು 20 ಆಗಿತ್ತು, ಅಂದರೆ ಕಾಲು ಭಾಗ ಉಬ್ಬು.

ಆದ್ದರಿಂದ ಹದ ತೇವದ ಮರಳನ್ನು ತೂಕದ ಮೇಲೆ ಕೊಳ್ಳಿ. ನೂರಕ್ಕೆ ಐದರಷ್ಟು ನೀರಿಗೆ ದುಡ್ಡು ಕೊಟ್ಟ ಹಾಗಾಗುತ್ತದೆ, ಅಷ್ಟೇ. ನೀರು ಸೋರುತ್ತಿರುವ ಮರಳಾದರೆ ಅಳತೆಯ ಮೇಲೆ ಕೊಳ್ಳಿ, ಯಾಕೆಂದರೆ ಅದನ್ನು ತೂಗಿದರೆ ನೀರಿನ ತೂಕವೇ ಬಹಳ. ಯಾವುದಾದರೂ ಸರಿ, ಡಬ್ಬಿ ತೂಗಿದ ಮೇಲೆ ಹೋಲಿಸಿ.

ನನಗೆ ಕೊಟ್ಟ ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಒಂದು ಪಾಲು ಸಿಮೆಂಟು, ಎರಡು ಮರಳು, ನಾಲ್ಕು ಜಲ್ಲಿ ಅಂತ ಕಾಂಕ್ರೀಟ್ ಹಾಕಿಸುತ್ತೀರಿ, 60 ಮೂಟೆ ಬೇಕು ಅಂದುಕೊಳ್ಳಿ. ಮೂಟೆಗೆ 35 ಲೀಟರ್, ಹಾಗಾಗಿ ಮರಳು 70 ಲೀಟರ್. 60 ಮೂಟೆಗೆ 4.2 ಘನ ಮೀಟರ್, ಅಂದರೆ 148 ಘನ ಅಡಿ. ಇದು ಒಣ ಮರಳಿನ ಲೆಕ್ಕ. ಆ ಉಬ್ಬಿದ ಮರಳಾದರೆ ಕಾಲು ಭಾಗ ಸೇರಿಸಿ 185 ಘನ ಅಡಿ ಹೇಳಬೇಕು. ಅದನ್ನೇ 38ರಿಂದ ಗುಣಿಸಿದರೆ 7 ಟನ್. ಈಗ ಟನ್ ಲೆಕ್ಕದವರಿಗೆ 7 ಅನ್ನಿ, ಘನ ಅಡಿಯವರಿಗೆ 185 ಅನ್ನಿ. ಎರಡೂ ಒಂದೇ ಮರಳು. ಮಿಶ್ರಣ ಮಾಡುವಾಗಲೂ ಮೇಸ್ತ್ರಿಗೆ ಮೂಟೆಗೆ 70 ಲೀಟರ್ ಬದಲು 87 ಲೀಟರ್ ಹಾಕಲು ಹೇಳಿ. ಇಲ್ಲದಿದ್ದರೆ ಮರಳು ಕಡಿಮೆ ಬಿದ್ದು ಕಾಂಕ್ರೀಟ್ ಒರಟಾಗುತ್ತದೆ, ಜಲ್ಲಿಯ ನಡುವೆ ತೂತು ಉಳಿಯುತ್ತದೆ.

ಜಲ್ಲಿ ಮರಳಿನ ಹಾಗೆ ಉಬ್ಬಲ್ಲ. 60 ಮೂಟೆಗೆ 8.4 ಘನ ಮೀಟರ್, ಅಂದರೆ 297 ಘನ ಅಡಿ. ತೂಕಕ್ಕೆ ಅದೇ ಡಬ್ಬಿ, ಆದರೆ ಸ್ವಲ್ಪ ದೊಡ್ಡದು ತಗೊಳ್ಳಿ. ಚಿಕ್ಕ ಡಬ್ಬಿಯಲ್ಲಿ 20 ಮಿಲಿಮೀಟರ್ ಜಲ್ಲಿ ಅಂಚಿನ ಹತ್ತಿರ ಸರಿಯಾಗಿ ಕೂರಲ್ಲ. 10 ಲೀಟರಿಗೆ 15 ಕಿಲೋದಂತೆ ಬಂದರೆ 8.4 ಘನ ಮೀಟರಿಗೆ 12.6 ಟನ್. ಇನ್ನೊಂದು ವಿಷಯ, ದಾರಿಯಲ್ಲಿ ಲಾರಿ ಕುಲುಕಿ ಜಲ್ಲಿ ಕೆಳಗಿಳಿಯುತ್ತದೆ. ಅಳತೆ ತುಂಬಿದ ಕಡೆಯೋ, ಇಳಿಸುವ ಕಡೆಯೋ ಅನ್ನೋದನ್ನು ದರ ಕೇಳುವಾಗಲೇ ಮಾತಾಡಿ ಚೀಟಿಯಲ್ಲಿ ಬರೆಸಿಕೊಳ್ಳಿ. ನಮಸ್ಕಾರ.